ಇನ್ವರ್ಟರ್ ಎಸಿ ಔಟ್‌ಡೋರ್ ಬೋರ್ಡ್ ಹೋಯ್ತಾ? ರಿಪೇರಿ ಮಾಡುವುದೋ, ಬೋರ್ಡನ್ನೇ ಬದಲಿಸುವುದೋ

ನನಗೆ ಪದೇ ಪದೇ ಬರುವ ಪ್ರಶ್ನೆ ಇದು: "ಔಟ್‌ಡೋರ್ ಬೋರ್ಡ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳ್ತಿದ್ದಾರೆ. ಐಪಿಎಂ ಒಂದನ್ನೇ ಹಾಕಿಸಿದ್ರೆ ಸಾಕಾ, ಇಲ್ಲ ಪೂರ್ತಿ ಬೋರ್ಡ್ ಬದಲಿಸಬೇಕಾ?" ಬೋರ್ಡಿಗೆ ನೀರು ಹೊಕ್ಕವರು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಎಲ್ಲರಿಗೂ ನಾನು ಮೊದಲು ತಿರುಗಿ ಕೇಳುವುದು ಒಂದೇ ಮಾತು: ಬೋರ್ಡ್ ಯಾಕೆ ಹೋಯ್ತು ಅಂತ ಯಾರಾದರೂ ನೋಡಿದ್ರಾ? ಕಾರಣ ಹುಡುಕದೆ ಹಾಕಿದ ಹೊಸ ಬೋರ್ಡ್ ಕೆಲವು ಸಲ ಹತ್ತು ನಿಮಿಷವೂ ಬಾಳುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ.

ಇಲ್ಲಿರುವ ಅಳತೆಗಳೆಲ್ಲ 220ರಿಂದ 240 ವೋಲ್ಟ್ ಸಪ್ಲೈಯಲ್ಲಿ ಓಡುವ ಮನೆಬಳಕೆಯ ಸ್ಪ್ಲಿಟ್ ಎಸಿಗಳದ್ದು. ಬೆಸುಗೆ ಮತ್ತು ಮೀಟರ್ ಬಳಸಿ ಅಭ್ಯಾಸ ಇರುವವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಅಭ್ಯಾಸ ಇಲ್ಲದಿದ್ದರೆ ದಯವಿಟ್ಟು ಕೈ ಹಾಕಬೇಡಿ. ಆದರೂ ಪೂರ್ತಿ ಓದಿ, ರಿಪೇರಿಗೆ ಬಂದವರ ಹತ್ತಿರ ಏನು ಕೇಳಬೇಕು ಅಂತ ತಿಳಿಯುತ್ತದೆ. ಇನ್ನೊಂದು ಮಾತು, ವಾರಂಟಿ ಉಳಿದಿದೆಯಾ ಅಂತ ಮೊದಲೇ ನೋಡಿ. ಎಷ್ಟೋ ಇನ್ವರ್ಟರ್ ಎಸಿಗಳಿಗೆ ಬೋರ್ಡಿನ ವಾರಂಟಿ ಯೂನಿಟ್‌ನ ವಾರಂಟಿಗಿಂತ ಜಾಸ್ತಿ ವರ್ಷ ಇರುತ್ತದೆ. ನೀವು ಬಿಚ್ಚಿದರೆ ಅದು ಕೈತಪ್ಪಬಹುದು.

ಮೊದಲು ನಾಲ್ಕು ಹೆಸರು

ಗೋಡೆಯಿಂದ ಬರುವ ಎಸಿ ಕರೆಂಟನ್ನು ಬೋರ್ಡ್ ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಆ ಡಿಸಿ ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿರುತ್ತದೆ. ಅದಕ್ಕೆ ಡಿಸಿ ಬಸ್ ಅನ್ನುತ್ತಾರೆ. ಸುಮ್ಮನಿದ್ದಾಗ ಅಲ್ಲಿ ಸುಮಾರು 310ರಿಂದ 340 ವೋಲ್ಟ್, ಓಡುವಾಗ ಕೆಲವು ಬೋರ್ಡ್‌ಗಳಲ್ಲಿ 380ರ ಆಸುಪಾಸು. ಅದರ ಪ್ಲಸ್ ಕಡೆ ಪಿ, ಮೈನಸ್ ಕಡೆ ಎನ್.

ಐಪಿಎಂ ಅಂದರೆ ಪವರ್ ಮಾಡ್ಯೂಲ್. ಹೀಟ್‌ಸಿಂಕಿಗೆ, ಅಂದರೆ ಶಾಖ ಎಳೆದುಕೊಳ್ಳುವ ಅಲ್ಯೂಮಿನಿಯಂ ತುಂಡಿಗೆ, ಸ್ಕ್ರೂ ಹಾಕಿ ಬಿಗಿದಿರುವ ಕಪ್ಪು ಬಿಲ್ಲೆ ಅದು. ಅದರೊಳಗೆ ಆರು ಎಲೆಕ್ಟ್ರಾನಿಕ್ ಸ್ವಿಚ್‌ಗಳಿವೆ, ಮೂರು ಮೇಲೆ, ಮೂರು ಕೆಳಗೆ. ಅವು ಡಿಸಿಯನ್ನು ಕತ್ತರಿಸಿ ಯು, ವಿ, ಡಬ್ಲ್ಯೂ ಅನ್ನುವ ಮೂರು ವೈರ್‌ಗಳ ಮೂಲಕ ಕಂಪ್ರೆಸರ್‌ಗೆ ಕೊಡುತ್ತವೆ. ಇದೆಲ್ಲವನ್ನೂ ನಡೆಸುವ ಪುಟ್ಟ ಚಿಪ್ಪೇ ಮೈಕ್ರೊಕಂಟ್ರೋಲರ್. ಅದರ ಪಕ್ಕ ಎಂಟು ಕಾಲಿನ ಇನ್ನೊಂದು ಚಿಕ್ಕ ಚಿಪ್ ಇರುತ್ತದೆ, ಈಪ್ರಾಮ್ ಅಂತ. ನಿಮ್ಮ ಕಂಪ್ರೆಸರ್‌ನ ಲೆಕ್ಕಾಚಾರ ಕೂತಿರುವುದು ಅದರಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕೈಯಲ್ಲಿ ಇರಬೇಕಾದದ್ದು

ಡಿಯೋಡ್ ಮೋಡ್ ಇರುವ ಒಳ್ಳೆ ಮಲ್ಟಿಮೀಟರ್, 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್), ಸೀರೀಸ್‌ನಲ್ಲಿ ಹಾಕಲು 100 ವ್ಯಾಟಿನ ಹಳೆ ಫಿಲಮೆಂಟ್ ಬಲ್ಬ್. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಇದರ ಜೊತೆಗೆ ಥರ್ಮಲ್ ಪೇಸ್ಟ್, ಐಸೊಪ್ರೊಪೈಲ್ ಆಲ್ಕೋಹಾಲ್, ಡಿಸ್ಟಿಲ್ಡ್ ವಾಟರ್, ಮೆತ್ತನೆಯ ಬ್ರಷ್.

1. ಕರೆಂಟ್ ತೆಗೆಯಿರಿ, ಬಸ್ ಖಾಲಿ ಮಾಡಿ

ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಎಂಸಿಬಿಯನ್ನೇ ಇಳಿಸಿ, ಬೇರೆ ಯಾರೂ ಏರಿಸದ ಹಾಗೆ ನೋಡಿಕೊಳ್ಳಿ. ಹತ್ತು ನಿಮಿಷ ಬಿಡಿ. ಆಮೇಲೂ ನಂಬಬೇಡಿ. ಪಿ ಮತ್ತು ಎನ್ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಹತ್ತು ವೋಲ್ಟಿಗಿಂತ ಜಾಸ್ತಿ ಉಳಿದಿದ್ದರೆ ಅದೇ ಬಲ್ಬಿನ ಎರಡು ವೈರ್‌ಗಳನ್ನು ಪಿ-ಎನ್ ಮೇಲೆ ಮುಟ್ಟಿಸಿ ಖಾಲಿ ಮಾಡಿ, ಮತ್ತೆ ಅಳೆಯಿರಿ.

ಸ್ಕ್ರೂಡ್ರೈವರ್ ಇಟ್ಟು "ಚಟ್" ಅನ್ನಿಸುವವರನ್ನು ತುಂಬಾ ನೋಡಿದ್ದೇನೆ. ಆ ಕಿಡಿ ಕೆಪಾಸಿಟರ್ ಕಾಲನ್ನೂ ಬೋರ್ಡಿನ ಟ್ರ್ಯಾಕನ್ನೂ ಸುಡುತ್ತದೆ, ಕಣ್ಣಿಗೂ ಅಪಾಯ. ಕೆಟ್ಟ ಬೋರ್ಡಲ್ಲೇ ಚಾರ್ಜ್ ಜಾಸ್ತಿ ಹೊತ್ತು ನಿಲ್ಲುವುದುಂಟು. ಅದನ್ನು ಹೀರಿಕೊಳ್ಳಬೇಕಾದ ಸರ್ಕ್ಯೂಟ್ ಓಡುತ್ತಿರುವುದಿಲ್ಲ ಅಲ್ವಾ?

2. ಬಿಚ್ಚುವ ಮುಂಚೆ ಫೋಟೊ, ಆಮೇಲೆ ಕಣ್ಣಿನ ಪರೀಕ್ಷೆ

ಪ್ರತಿ ಕನೆಕ್ಟರ್‌ನ ಫೋಟೊ ತೆಗೆದಿಡಿ. ಯು, ವಿ, ಡಬ್ಲ್ಯೂ ವೈರ್‌ಗಳ ಬಣ್ಣ ಕಾಣುವ ಹಾಗೆ ಹತ್ತಿರದಿಂದ ಒಂದು. ಇವುಗಳಲ್ಲಿ ಎರಡು ಅದಲುಬದಲಾದರೆ ಕಂಪ್ರೆಸರ್ ಉಲ್ಟಾ ತಿರುಗುತ್ತದೆ. ಸದ್ದು ಬೇರೆ ಆಗುತ್ತದೆ, ತಂಪು ಬರುವುದಿಲ್ಲ, ಹಾಗೇ ಬಿಟ್ಟರೆ ಕಂಪ್ರೆಸರ್ರೇ ಹಾಳು.

ಈಗ ಬೋರ್ಡ್ ನೋಡಿ. ಫ್ಯೂಸ್ ಒಳಗೆ ಕಪ್ಪಾಗಿದೆಯಾ? ಐಪಿಎಂ ಮೈ ಸೀಳಿದೆಯಾ? ಕೆಪಾಸಿಟರ್ ತಲೆ ಉಬ್ಬಿದೆಯಾ? ನೀರಿನ ಗುರುತು ಬೇರೆ ಥರ: ಬೆಸುಗೆಯ ಮೇಲೆ ಹಸಿರು ಅಥವಾ ಬಿಳಿ ಪುಡಿ, ಕನೆಕ್ಟರ್ ಪಿನ್ ಕಪ್ಪು, ಲೇಪನದ ಅಡಿಯಲ್ಲಿ ಹರಿದಾಡಿದ ಹಾಗೆ ಕಪ್ಪು ಗೆರೆ. ಹಲ್ಲಿ, ಇರುವೆ ಸತ್ತು ಅಂಟಿರುವುದೂ ಉಂಟು. ಅವು ಅಂಟಿದ ಜಾಗ ನೀರು ಬಿದ್ದ ಜಾಗದಷ್ಟೇ ಕೆಟ್ಟದ್ದು.

3. ಬೋರ್ಡ್ ಬಿಡಿ, ಮೊದಲು ಕಂಪ್ರೆಸರ್ ಅಳೆಯಿರಿ

ಜನ ಬಿಟ್ಟುಬಿಡುವ ಹಂತ ಇದೇ. ಮೂರೂ ವೈರ್ ಬೋರ್ಡಿಂದ ಬಿಚ್ಚಿ, ಕಂಪ್ರೆಸರ್ ಕಡೆ ಯು-ವಿ, ವಿ-ಡಬ್ಲ್ಯೂ, ಯು-ಡಬ್ಲ್ಯೂ ಓಮ್ ಅಳೆಯಿರಿ. ಸಾಮಾನ್ಯವಾಗಿ ಅರ್ಧ ಓಮ್‌ನಿಂದ ಎರಡು ಮೂರು ಓಮ್ ಒಳಗೆ ಬರುತ್ತದೆ. ಅಂಕಿ ಎಷ್ಟು ಅನ್ನುವುದಕ್ಕಿಂತ ಮೂರೂ ಒಂದೇ ಥರ ಇರುವುದು ಮುಖ್ಯ. ಮೀಟರ್ ವೈರಿಗೇ 0.2, 0.3 ಓಮ್ ಇರುತ್ತದೆ. ಎರಡು ತುದಿ ಸೇರಿಸಿ ಎಷ್ಟು ತೋರುತ್ತದೆ ನೋಡಿ, ಅಷ್ಟನ್ನು ಕಳೆಯಿರಿ.

ಆಮೇಲೆ ಮೆಗ್ಗರ್. ಒಂದು ವೈರ್ ಮತ್ತು ಕಂಪ್ರೆಸರ್‌ನ ತಾಮ್ರದ ಪೈಪ್ ನಡುವೆ, 500 ವೋಲ್ಟಲ್ಲಿ. ಹತ್ತಾರು ಮೆಗಾಓಮ್ ಬಂದರೆ ನೆಮ್ಮದಿ. ಒಂದು ಮೆಗಾಓಮ್‌ಗಿಂತ ಕೆಳಗೆ ಬಂದರೆ ಬೋರ್ಡ್ ಮಾತು ಅಲ್ಲಿಗೇ ನಿಲ್ಲಿಸಿ. ತುಂಬಾ ದಿನ ಓಡದೆ ಇದ್ದ ಕಂಪ್ರೆಸರ್‌ನಲ್ಲಿ ಗ್ಯಾಸ್ ದ್ರವವಾಗಿ ನಿಂತಿದ್ದರೆ ಓದು ಸ್ವಲ್ಪ ಕಡಿಮೆ ಬರಬಹುದು. ಆದರೂ ಅನುಮಾನ ತೀರದೆ ಬೋರ್ಡಿಗೆ ದುಡ್ಡು ಹಾಕಬೇಡಿ. ಮೆಗ್ಗರನ್ನು ಬೋರ್ಡಿಗೆ ಮಾತ್ರ ಯಾವತ್ತೂ ಮುಟ್ಟಿಸಬಾರದು. ಉಳಿದಿದ್ದ ಚಿಪ್‌ಗಳೂ ಹೋಗುತ್ತವೆ.

ಹೊರಗಿನ ಫ್ಯಾನ್ ಮೋಟರ್ ಐದು ವೈರಿನದ್ದಾದರೆ ಅದನ್ನೂ ಬಿಚ್ಚಿಡಿ. ಅದಕ್ಕೆ ಬಸ್‌ನ ದೊಡ್ಡ ವೋಲ್ಟೂ ಹೋಗುತ್ತದೆ, 15 ವೋಲ್ಟೂ ಹೋಗುತ್ತದೆ. ಒಳಗೆ ನೀರು ಹೋಗಿ ಮೋಟರ್ ಶಾರ್ಟ್ ಆದರೆ ಬೋರ್ಡಿನ 15 ವೋಲ್ಟನ್ನೇ ಎಳೆದು ಕೂರಿಸುತ್ತದೆ. ನೋಡುವವರಿಗೆ ಬೋರ್ಡ್ ಸತ್ತ ಹಾಗೆ ಕಾಣುತ್ತದೆ.

4. ಐಪಿಎಂ ಪರೀಕ್ಷೆ

ಮೀಟರ್ ಡಿಯೋಡ್ ಮೋಡಿಗೆ ಹಾಕಿ. ಕೆಂಪು ಪ್ರೋಬ್ ಎನ್ ಮೇಲೆ, ಕಪ್ಪು ಪ್ರೋಬ್ ಒಂದೊಂದಾಗಿ ಯು, ವಿ, ಡಬ್ಲ್ಯೂ ಮೇಲೆ. ಮೂರಲ್ಲೂ ಸುಮಾರು 0.4ರಿಂದ 0.6 ಬರಬೇಕು. ಪ್ರೋಬ್ ತಿರುಗಿಸಿದರೆ `OL` ಬರಬೇಕು. ಹಾಗೇ ಕಪ್ಪು ಪ್ರೋಬ್ ಪಿ ಮೇಲಿಟ್ಟು, ಕೆಂಪನ್ನು ಯು, ವಿ, ಡಬ್ಲ್ಯೂಗೆ ಮುಟ್ಟಿಸಿ. ಅಲ್ಲೂ ಅದೇ ಅಂಕಿ, ತಿರುಗಿಸಿದರೆ `OL`. ಕೆಪಾಸಿಟರ್ ತುಂಬಿಕೊಳ್ಳುವಾಗ ಅಂಕಿ ನಿಧಾನ ಏರಬಹುದು. ಆತುರ ಬೇಡ, ನಿಲ್ಲುವ ತನಕ ಕಾಯಿರಿ.

ಎಲ್ಲಾದರೂ ಎರಡೂ ದಿಕ್ಕಿನಲ್ಲಿ 0.00 ಆಸುಪಾಸು ಬಂದರೆ ಆ ಸ್ವಿಚ್ ಶಾರ್ಟ್. ಒಂದು ಸೂಕ್ಷ್ಮ ಇದೆ. ಒಂದೇ ಫೇಸ್‌ನ ಮೇಲಿನದ್ದೂ ಕೆಳಗಿನದ್ದೂ ಎರಡೂ ಶಾರ್ಟ್ ಆಗಿದ್ದರೆ ಪಿ ಮತ್ತು ಎನ್ ಒಂದಾಗಿಬಿಡುತ್ತವೆ. ಆಗ ಚೆನ್ನಾಗಿರುವ ಫೇಸ್‌ಗಳೂ ಎರಡೂ ದಿಕ್ಕಿನಲ್ಲಿ 0.4 ತೋರಿಸುತ್ತವೆ. "ಮೂರೂ ಹೋಗಿದೆ" ಅಂದುಕೊಂಡು ಗಾಬರಿಯಾಗಬೇಡಿ.

ಈ ಪರೀಕ್ಷೆಗೆ ಒಂದು ಮಿತಿಯೂ ಇದೆ. ಇದು ಸ್ವಿಚ್‌ಗಳ ಶಾರ್ಟನ್ನು ಮಾತ್ರ ಹಿಡಿಯುತ್ತದೆ. ಐಪಿಎಂ ಒಳಗೇ ಇರುವ, ಸ್ವಿಚ್‌ಗಳನ್ನು ಬಡಿದೆಬ್ಬಿಸುವ ಡ್ರೈವರ್ ಚಿಪ್ ಹೋಗಿದ್ದರೆ ಇಲ್ಲಿ ಎಲ್ಲ ಸರಿ ಅನ್ನಿಸುತ್ತದೆ. ಹಾಗಾಗಿ ಮೈಕ್ರೊಕಂಟ್ರೋಲರ್‌ನಿಂದ ಐಪಿಎಂಗೆ ಬರುವ ಆರು ಸಿಗ್ನಲ್ ಕಾಲುಗಳನ್ನೂ ಎನ್ ಜೊತೆ ಅಳೆದು ನೋಡಿ. ಆರೂ ಒಂದೇ ಥರ ಇರಬೇಕು. ಒಂದು ಮಾತ್ರ ಬೇರೆ ಬಂದರೆ ಐಪಿಎಂ ಕಡೆಯದ್ದೋ ಮೈಕ್ರೊಕಂಟ್ರೋಲರ್ ಕಡೆಯದ್ದೋ ನೋಡಬೇಕು. ನಡುವೆ ಇರುವ ಚಿಕ್ಕ ರೆಸಿಸ್ಟರ್ ಎತ್ತಿ ಎರಡೂ ಕಡೆ ಬೇರೆ ಬೇರೆ ಅಳೆದರೆ ತಿಳಿಯುತ್ತದೆ. ಮೈಕ್ರೊಕಂಟ್ರೋಲರ್ ಕಡೆ ಹೋಗಿದ್ದರೆ ನನ್ನ ಪ್ರಕಾರ ರಿಪೇರಿ ಅಲ್ಲಿಗೆ ಮುಗಿಯಿತು. ಖಾಲಿ ಚಿಪ್ ತಂದು ಹಾಕಿದರೆ ಒಳಗೆ ಪ್ರೋಗ್ರಾಮೇ ಇರುವುದಿಲ್ಲ.

5. ಸೀರೀಸ್ ಬಲ್ಬ್

ಕಂಪ್ರೆಸರ್, ಫ್ಯಾನ್ ಎರಡೂ ಬಿಚ್ಚಿದ ಸ್ಥಿತಿಯಲ್ಲೇ, ಫೇಸ್ ವೈರಿಗೆ ಬಲ್ಬ್ ಸೀರೀಸ್ ಹಾಕಿ ಬೋರ್ಡಿಗೆ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ಮಂಕಾದರೆ ಕೆಪಾಸಿಟರ್ ತುಂಬಿತು, ಬಸ್ ಶಾರ್ಟ್ ಇಲ್ಲ ಅಂತ ಅರ್ಥ. ಜೋರಾಗಿಯೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ: ಬ್ರಿಜ್ ರೆಕ್ಟಿಫೈಯರ್, ಪಿಎಫ್‌ಸಿಯ ಸ್ವಿಚ್, ಇಲ್ಲ ಐಪಿಎಂ. (ಪಿಎಫ್‌ಸಿ ಅಂದರೆ ಬಸ್ ವೋಲ್ಟನ್ನು ಏರಿಸಿ ಸಮ ಮಾಡುವ ಭಾಗ.) ಮಂಕಾದರೆ 15 ವೋಲ್ಟ್ ಮತ್ತು 5 ವೋಲ್ಟ್ ಬರುತ್ತಿದೆಯಾ ಅಳೆಯಿರಿ. ಬಲ್ಬ್ ಇಟ್ಟುಕೊಂಡು ಕಂಪ್ರೆಸರ್ ಓಡಿಸಲು ಮಾತ್ರ ಹೋಗಬೇಡಿ.

ಎಚ್ಚರ: ಈ ಬೋರ್ಡಿನಲ್ಲಿ 5 ವೋಲ್ಟಿನ ನೆಗೆಟಿವ್ ಕೂಡ ಬಹಳ ಸಲ ಮೇನ್ಸ್‌ಗೇ ಸೇರಿಕೊಂಡಿರುತ್ತದೆ. 5 ವೋಲ್ಟ್ ಅಲ್ವಾ ಅಂತ ಬೆರಳಿಟ್ಟರೆ ಶಾಕ್ ಹೊಡೆಯುತ್ತದೆ.

ಒಂದು ಕೇಸ್, ಅಂಕಿಗಳ ಸಮೇತ

ನನ್ನ ಬೆಂಚಿಗೆ ಬಂದ ಒಂದೂವರೆ ಟನ್ನಿನ ಯೂನಿಟ್. ಆನ್ ಮಾಡಿದರೆ ಫ್ಯಾನ್ ತಿರುಗುತ್ತಿತ್ತು. ಕಂಪ್ರೆಸರ್ ಒಮ್ಮೆ "ಗುಂಯ್" ಅಂದು ಎರಡೇ ಸೆಕೆಂಡಿಗೆ ನಿಲ್ಲುತ್ತಿತ್ತು. ಮಾಡ್ಯೂಲ್ ಪ್ರೊಟೆಕ್ಷನ್ ಎರರ್ ಬರುತ್ತಿತ್ತು. ಕಂಪ್ರೆಸರ್ ಹೋಗಿದೆ ಅಂತ ಅವರಿಗೆ ಮೊದಲೇ ಯಾರೋ ಹೇಳಿದ್ದರು.

ಫ್ಯೂಸ್ ಚೆನ್ನಾಗಿತ್ತು. ಬಲ್ಬ್ ಹೊತ್ತಿ ಮಂಕಾಯಿತು. 15 ವೋಲ್ಟ್, 5 ವೋಲ್ಟ್ ಎರಡೂ ಬಂದವು. ಇಷ್ಟಕ್ಕೇ ನಿಲ್ಲಿಸಿದ್ದರೆ ಬೋರ್ಡ್ ಸರಿ ಇದೆ ಅಂದುಬಿಡುತ್ತಿದ್ದೆ. ಕಂಪ್ರೆಸರ್ ಅಳೆದರೆ 1.1, 1.1, 1.2 ಓಮ್, ಮೆಗ್ಗರ್‌ನಲ್ಲಿ 50 ಮೆಗಾಓಮ್‌ಗಿಂತ ಮೇಲೆ. ಅದು ಆರಾಮಾಗಿತ್ತು. ಐಪಿಎಂ ಅಳೆದಾಗ ಎನ್‌ನಿಂದ ಯು 0.43, ವಿ 0.43, ಡಬ್ಲ್ಯೂ 0.002. ಪ್ರೋಬ್ ತಿರುಗಿಸಿದರೂ 0.002. ಪಿ ಕಡೆ ಮೂರೂ ಸರಿ. ಅಂದರೆ ಡಬ್ಲ್ಯೂ ಕೆಳಗಿನ ಸ್ವಿಚ್ ಒಂದೇ ಶಾರ್ಟ್. ಮೇಲಿನ ಸ್ವಿಚ್ ಇನ್ನೂ ಗಟ್ಟಿ ಇದ್ದದ್ದರಿಂದಲೇ ಬಸ್ ಶಾರ್ಟ್ ಆಗಿರಲಿಲ್ಲ, ಬಲ್ಬ್‌ಗೆ ಅದು ಕಾಣಲಿಲ್ಲ.

ಕಾರಣ ಹೀಟ್‌ಸಿಂಕ್ ಬಿಚ್ಚಿದಾಗ ಸಿಕ್ಕಿತು. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯ ಹಾಗೆ ಎದ್ದಿತ್ತು. ಐಪಿಎಂ ಬೆನ್ನಿನ ಅರ್ಧ ಭಾಗಕ್ಕೆ ಪೇಸ್ಟಿನ ಗುರುತೇ ಇರಲಿಲ್ಲ. ಎರಡು ಸ್ಕ್ರೂಗಳಲ್ಲಿ ಒಂದು ಬೆರಳಲ್ಲೇ ತಿರುಗುತ್ತಿತ್ತು, ಅದೂ ಡಬ್ಲ್ಯೂ ಇರುವ ತುದಿಯದ್ದೇ. ಆರು ಸಿಗ್ನಲ್ ಕಾಲುಗಳು ಸಮ, ಕರೆಂಟ್ ಅಳೆಯುವ ದಪ್ಪ ಶಂಟ್ ರೆಸಿಸ್ಟರ್ ಸರಿ, ನೀರಿನ ಗುರುತಿಲ್ಲ. ಐಪಿಎಂ ಒಂದನ್ನೇ ಬದಲಿಸಿದೆ. ರಿಪೇರಿ ಮಾಡಲೇಬೇಕಾದ ಬೋರ್ಡ್ ಅಂದರೆ ಇಂಥದ್ದು: ತಪ್ಪು ಒಂದೇ ಕಡೆ ಇದೆ, ಕಾರಣ ಕಣ್ಣಿಗೆ ಕಾಣುತ್ತಿದೆ, ಉಳಿದದ್ದೆಲ್ಲ ಅಳತೆಗೆ ಸರಿ ಬರುತ್ತಿದೆ.

6. ಐಪಿಎಂ ಹಾಕುವಾಗ

ಮೈ ಮೇಲೆ ಬರೆದಿರುವ ನಂಬರ್ ಪೂರ್ತಿ ಹೊಂದಬೇಕು. ಕಾಲು ಕೂತಿತು ಅಂತ 20 ಆಂಪಿಯರಿನ ಜಾಗಕ್ಕೆ 10 ಆಂಪಿಯರಿನದ್ದು ಹಾಕಬಾರದು. ನಕಲಿ ಮಾಲು, ಹಳೆಯದನ್ನು ಕಿತ್ತು ಮೈ ಉಜ್ಜಿ ಮತ್ತೆ ನಂಬರ್ ಹೊಡೆದ ಮಾಲು ಎರಡೂ ಮಾರುಕಟ್ಟೆಯಲ್ಲಿವೆ. ಕಾಲಿನ ಮೇಲೆ ಹಳೆ ಬೆಸುಗೆಯ ಗುರುತಿದ್ದರೆ, ಬೆನ್ನಲ್ಲಿ ಗೀರಿದ್ದರೆ ವಾಪಸ್ ಕೊಡಿ. ಹಾಕುವ ಮೊದಲೇ ನಾಲ್ಕನೇ ಹಂತದ ಅಳತೆ ಮಾಡಿ.

ಹಳೆಯದನ್ನು ತೆಗೆಯುವಾಗ ಎಲ್ಲ ಕಾಲನ್ನೂ ಒಟ್ಟಿಗೆ ಎಳೆದರೆ ತೂತಿನೊಳಗಿನ ತಾಮ್ರವೇ ಕಿತ್ತು ಬರುತ್ತದೆ. ಹೇಗೂ ಸತ್ತ ಐಪಿಎಂ ತಾನೇ? ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆಯಿರಿ. ಹೊಸದನ್ನು ಮೊದಲು ಹೀಟ್‌ಸಿಂಕಿಗೆ ಸ್ಕ್ರೂ ಹಾಕಿ ಕೂರಿಸಿ, ಆಮೇಲೆ ಬೆಸುಗೆ ಹಾಕಿ. ಉಲ್ಟಾ ಮಾಡಿದರೆ ಸ್ಕ್ರೂ ಬಿಗಿಯುವಾಗ ಕಾಲುಗಳ ಮೇಲೆ ಎಳೆತ ಬಿದ್ದು ಕೆಲವು ತಿಂಗಳಲ್ಲಿ ಬೆಸುಗೆ ಬಿರುಕು ಬಿಡುತ್ತದೆ. ಪೇಸ್ಟ್ ತೆಳ್ಳಗೆ, ಬೆನ್ನು ಪೂರ್ತಿ ಮುಚ್ಚುವಷ್ಟು. ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ ಅದಕ್ಕೊಂದು ಸುತ್ತು, ಇದಕ್ಕೊಂದು ಸುತ್ತು ಹಾಕಿ.

7. ನೀರು ಹೊಕ್ಕ ಬೋರ್ಡ್

ಇಲ್ಲಿ ಮೊದಲ ಪ್ರಶ್ನೆ ಬೇರೆ: ನೀರು ಹೊಕ್ಕಾಗ ಕರೆಂಟ್ ಇತ್ತಾ? ಇಲ್ಲದಿದ್ದರೆ ಬೋರ್ಡ್ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಇದ್ದರೆ ತಾಮ್ರ ಕರಗಿ ಹೋಗುವುದು ತುಂಬಾ ಬೇಗ, ಯಾಕಂದರೆ ನೀರಿನ ಜೊತೆ ವೋಲ್ಟ್ ಸೇರಿದರೆ ತುಕ್ಕಿನ ವೇಗವೇ ಬೇರೆ. ಒದ್ದೆ ಇರುವ ಬೋರ್ಡಿಗೆ "ಓಡುತ್ತಾ ನೋಡೋಣ" ಅಂತ ಕರೆಂಟ್ ಕೊಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ತೊಳೆಯುವುದಕ್ಕೂ ಕ್ರಮ ಇದೆ. ಎಲ್ಲರೂ ನೇರ ಆಲ್ಕೋಹಾಲ್ ಹಾಕುತ್ತಾರೆ. ಆದರೆ ನೀರು ಬಿಟ್ಟುಹೋದ ಉಪ್ಪು ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೊದಲು ಡಿಸ್ಟಿಲ್ಡ್ ವಾಟರ್ ಮತ್ತು ಬ್ರಷ್, ಆಮೇಲೆ ಆ ನೀರನ್ನು ಹೊರಗಟ್ಟಲು ಐಸೊಪ್ರೊಪೈಲ್ ಆಲ್ಕೋಹಾಲ್. ಅದು ಬೇಗ ಬೆಂಕಿ ಹಿಡಿಯುವ ವಸ್ತು. ಪೂರ್ತಿ ಆರಿದ ಮೇಲೆ ಮಾತ್ರ 50, 60 ಡಿಗ್ರಿ ಬಿಸಿಯಲ್ಲಿ ಆರೆಂಟು ಗಂಟೆ ಒಣಗಿಸಿ. ರಿಲೇ, ಟ್ರಾನ್ಸ್‌ಫಾರ್ಮರ್, ಕನೆಕ್ಟರ್ ಒಳಗೆ ನೀರು ಕೂತಿರುತ್ತದೆ. ಮೇಲೆ ಒಣಗಿದ್ದು ನೋಡಿ ಮೋಸ ಹೋಗಬೇಡಿ.

ಒಣಗಿದ ಮೇಲೆ ನೋಡಬೇಕಾದದ್ದು ಎರಡು. ಒಂದು, ದೊಡ್ಡ ವೋಲ್ಟಿನ ಟ್ರ್ಯಾಕ್‌ಗಳ ನಡುವೆ ಬೋರ್ಡೇ ಸುಟ್ಟು ಇದ್ದಿಲಾಗಿದೆಯಾ? ಇದ್ದಿಲಿಗೆ ಕರೆಂಟ್ ಹರಿಯುತ್ತದೆ. ಅದನ್ನು ಪೂರ್ತಿ ಕೆರೆದು, ಕೊರೆದು ತೆಗೆಯದೆ ಮೇಲೆ ಅಂಟು ಹಚ್ಚಿದರೆ ಅದೇ ಜಾಗ ಮತ್ತೆ ಹೊತ್ತುತ್ತದೆ. ಇನ್ನೊಂದು, ಮೈಕ್ರೊಕಂಟ್ರೋಲರ್ ಕಾಲುಗಳ ನಡುವೆ ಹಸಿರಿದೆಯಾ? ಚಿಪ್ಪಿನ ಹೊಟ್ಟೆ ಕೆಳಗೆ ಬ್ರಷ್ ಹೋಗುವುದಿಲ್ಲ. ಬೋರ್ಡಿನ ಎರಡು ಮೈ ಸೇರಿಸುವ ಸೂಜಿಮೊನೆಯಂಥ ತೂತುಗಳು ಒಳಗಿಂದ ತುಕ್ಕು ಹಿಡಿದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಇಂಥ ಬೋರ್ಡ್ ರಿಪೇರಿಯಾಗಿ ಹೋಗುತ್ತದೆ, ಎರಡು ತಿಂಗಳಿಗೆ ಇನ್ನೊಂದು ಎರರ್ ಹೊತ್ತು ವಾಪಸ್ ಬರುತ್ತದೆ. ನಾನು ಇದನ್ನು ಈಗ ರಿಪೇರಿಗೆ ತೆಗೆದುಕೊಳ್ಳುವುದೇ ಇಲ್ಲ. ನೀರು ಪವರ್ ಭಾಗದಲ್ಲಿ ಮಾತ್ರ ನಿಂತಿದ್ದರೆ ತೆಗೆದುಕೊಳ್ಳುತ್ತೇನೆ.

ನೀರು ಬಂದ ದಾರಿಯನ್ನೂ ಮುಚ್ಚಬೇಕು. ಬಹಳ ಸಲ ಅದು ವೈರಿನ ದಾರಿಯೇ. ಮೇಲಿನಿಂದ ನೇರ ಇಳಿದು ಒಳಗೆ ಹೋಗುವ ವೈರಿನ ಮೈ ಹಿಡಿದು ನೀರೂ ಇಳಿಯುತ್ತದೆ. ವೈರ್ ಒಳಹೋಗುವ ಮುಂಚೆ ಒಮ್ಮೆ ಕೆಳಗೆ ಜೋತುಬಿದ್ದು ಮೇಲೆ ಬರಲಿ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಸರ್ವಿಸ್ ಮಾಡುವಾಗ ಪ್ರೆಷರ್ ಪಂಪನ್ನು ಬೋರ್ಡ್ ಇರುವ ಕಡೆ ತಿರುಗಿಸುವುದೂ, ಬಿಚ್ಚಿದ ಮುಚ್ಚಳ ಮತ್ತೆ ಹಾಕದಿರುವುದೂ ಉಳಿದ ಕಾರಣಗಳು.

8. ತೀರ್ಮಾನ

ಐಪಿಎಂ, ರೆಕ್ಟಿಫೈಯರ್, ಫ್ಯೂಸ್, ಶಂಟ್ ಇಷ್ಟರೊಳಗೆ ತಪ್ಪಿದ್ದು, ಕಾರಣವೂ ಸಿಕ್ಕಿದ್ದರೆ ರಿಪೇರಿ. ಮೈಕ್ರೊಕಂಟ್ರೋಲರ್ ಹೋಗಿದ್ದರೆ, ಬೋರ್ಡ್ ಇದ್ದಿಲಾಗಿದ್ದರೆ, ಪೂರ್ತಿ ಅಂಟಿನಲ್ಲಿ ಮುಳುಗಿಸಿದ ಬೋರ್ಡಾಗಿದ್ದರೆ, ಒಮ್ಮೆ ರಿಪೇರಿಯಾಗಿ ಅದೇ ತಪ್ಪಿಗೆ ವಾಪಸ್ ಬಂದಿದ್ದರೆ ಬದಲಿಸಿ. ರಿಪೇರಿ ಖರ್ಚು ಹೊಸ ಬೋರ್ಡಿನ ಬೆಲೆಯ ಅರ್ಧ ದಾಟಿದರೆ, ಸರಿಯಾದ ಬೋರ್ಡ್ ಸಿಗುವುದಾದರೆ, ನಾನು ಬೋರ್ಡೇ ಹಾಕಿ ಅನ್ನುತ್ತೇನೆ. ಕಂಪ್ರೆಸರ್ ಇನ್ಸುಲೇಶನ್ ಬಿದ್ದಿದ್ದರೆ ಎರಡೂ ಬೇಡ.

"ಸರಿಯಾದ ಬೋರ್ಡ್" ಅನ್ನುವಲ್ಲೇ ಜನ ಎಡವುವುದು. ನೋಡಲು ಅಚ್ಚು ಒಂದೇ ಥರ ಇರುವ ಬೋರ್ಡನ್ನು ಕಂಪನಿಗಳು ಹಲವು ಮಾಡೆಲ್‌ಗೆ ಹಾಕುತ್ತವೆ, ಈಪ್ರಾಮ್ ಒಳಗಿನ ಲೆಕ್ಕ ಮಾತ್ರ ಬೇರೆ. ತಪ್ಪು ಲೆಕ್ಕದ ಬೋರ್ಡಲ್ಲಿ ಕಂಪ್ರೆಸರ್ ಶುರುವಾಗದೆ ಎರರ್ ಬರುತ್ತದೆ, ಇಲ್ಲ ನಡುಗಿಕೊಂಡು ಓಡಿ ಕರೆಂಟ್ ಜಾಸ್ತಿ ಎಳೆದು ಹೊಸ ಐಪಿಎಂನ್ನೂ ತಿನ್ನುತ್ತದೆ. ಸ್ಟಿಕರ್ ಮೇಲಿನ ಪಾರ್ಟ್ ನಂಬರನ್ನು ಕೊನೆಯ ಅಕ್ಷರದ ತನಕ ಹೋಲಿಸಿ. ಬೋರ್ಡ್ ಅಚ್ಚು ಅದೇ ಆಗಿದ್ದು ಈಪ್ರಾಮ್ ಮಾತ್ರ ಬೇರೆ ಅಂತಾದರೆ ಹಳೆಯ ಈಪ್ರಾಮ್ ಕಿತ್ತು ಹೊಸದಕ್ಕೆ ಹಾಕಬಹುದು. ಅದಕ್ಕೇ ಹಳೆ ಬೋರ್ಡನ್ನು ಗುಜರಿಗೆ ಕೊಡಬೇಡಿ, ರಿಪೇರಿಯವರ ಹತ್ತಿರವೂ ಬಿಡಬೇಡಿ. ಯೂನಿವರ್ಸಲ್ ಬೋರ್ಡ್ ನನಗೆ ಕೊನೆಯ ಉಪಾಯ. ಕಂಪನಿ ಬೋರ್ಡ್ ಎಲ್ಲೂ ಸಿಗದ ಹಳೆ ಯೂನಿಟ್‌ಗೆ ಮಾತ್ರ.

9. ಮೊದಲ ಓಟ

ಮತ್ತೆ ಸೀರೀಸ್ ಬಲ್ಬಿನಿಂದಲೇ ಶುರು ಮಾಡಿ. ಅದು ಪಾಸಾದರೆ ಕರೆಂಟ್ ತೆಗೆದು, ಬಸ್ ಖಾಲಿ ಮಾಡಿ, ಬಲ್ಬ್ ಬಿಚ್ಚಿ, ಫ್ಯಾನ್ ಮತ್ತು ಕಂಪ್ರೆಸರ್ ಜೋಡಿಸಿ. ಕಂಡೆನ್ಸರ್ ಧೂಳು ತುಂಬಿದ್ದರೆ ಓಡಿಸುವ ಮೊದಲೇ ತೊಳೆದಿರಬೇಕು, ಇಲ್ಲದಿದ್ದರೆ ಹೊಸ ಐಪಿಎಂಗೆ ಮೊದಲ ದಿನದಿಂದಲೇ ಬಿಸಿ. ಓಡುವಾಗ ಕ್ಲ್ಯಾಂಪ್ ಮೀಟರಿನಿಂದ ಯು, ವಿ, ಡಬ್ಲ್ಯೂ ಕರೆಂಟ್ ನೋಡಿ. ಈ ಥರದ ಕರೆಂಟಿಗೆ ಅಂಕಿ ನಿಖರವಾಗಿ ಬರದಿರಬಹುದು, ಆದರೆ ಮೂರೂ ಸಮ ಇರಬೇಕು.

ನನ್ನ ಆ ಒಂದೂವರೆ ಟನ್ನಿನ ಯೂನಿಟನ್ನು ಎರಡು ಗಂಟೆ ಓಡಿಸಿ, ನಿಲ್ಲಿಸಿ, ಬಸ್ ಖಾಲಿ ಮಾಡಿ ಸ್ಕ್ರೂಗಳನ್ನು ಮತ್ತೆ ಮುಟ್ಟಿ ನೋಡಿದೆ. ಬಿಸಿಗೆ ಪೇಸ್ಟ್ ಹರಡಿ ಎರಡೂ ಸ್ಕ್ರೂ ಕಾಲು ಸುತ್ತಿನಷ್ಟು ಸಡಿಲವಾಗಿದ್ದವು. ಬಿಗಿ ಮಾಡಿ ಮುಚ್ಚಳ ಹಾಕಿದೆ.